ಬೆಲ್ಟ್ ಬಿಗಿಯದೆ ಸ್ವಿಚ್ ಮುಟ್ಟಬೇಡಿ

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಡಿಸಿ ಮೋಟಾರು ಪರೀಕ್ಷಿಸುವುದಕ್ಕೆ ಬೇಕಾದ ಸಾಮಾನು ಬಹಳವಿಲ್ಲ. ಮೋಟಾರಿನ ತುದಿಗೆ ಕಬ್ಬಿಣದ ಡ್ರಮ್ಮು, ಅದನ್ನು ಬಳಸಿದ ಬೆಲ್ಟು, ಬೆಲ್ಟಿನ ತುದಿಗಳಿಗೆ ಸ್ಪ್ರಿಂಗ್ ತಕ್ಕಡಿ. ಬೆಲ್ಟು ಬಿಗಿದಷ್ಟೂ ಮೋಟಾರಿಗೆ ಹೊರೆ. ಡ್ರಮ್ಮು ಕಾಯುತ್ತದೆಂದು ಒಳಗೆ ನೀರು ಹೊಯ್ಯುತ್ತಿರಬೇಕು. ಸ್ವಲ್ಪ ಹೊತ್ತಿಗೆ ಅದರಿಂದ ಹಬೆ ಏಳುತ್ತದೆ. ಶಂಟ್ ಮೋಟಾರಿನ ಎದುರು ‘ಬೆಲ್ಟ್ ಸಡಿಲ ಬಿಟ್ಟು ಶುರುಮಾಡಿ’ ಎನ್ನುವ ಮೇಷ್ಟ್ರೇ, ಪಕ್ಕದ ಸೀರೀಸ್ ಮೋಟಾರಿಗೆ ಬಂದಾಗ ‘ಬೆಲ್ಟ್ ಬಿಗಿಯದೆ ಸ್ವಿಚ್ ಮುಟ್ಟಬೇಡಿ’ ಎಂದು ಗದರುತ್ತಾರೆ. ಎರಡು ಮೋಟಾರಿನ ಸ್ವಭಾವವೂ ಈ ಎರಡು ಮಾತಿನಲ್ಲಿದೆ.

ಡಿಸಿ ಮೋಟಾರಿನೊಳಗೆ ಅಲುಗದ ಫೀಲ್ಡ್ ಸುರುಳಿ ಕಾಂತಬಲ ಕೊಡುತ್ತದೆ, ನಡುವೆ ಆರ್ಮೇಚರ್ ತಿರುಗುತ್ತದೆ. ತಿರುಗುವ ಆರ್ಮೇಚರು ಜನರೇಟರೂ ಹೌದು. ಹೊರಗಿನಿಂದ ಬರುವ ವೋಲ್ಟೇಜಿಗೆ ಎದುರಾಗಿ ತಾನೊಂದು ವೋಲ್ಟೇಜು ಹುಟ್ಟಿಸುತ್ತದೆ. ಒಳಗೆ ಎಷ್ಟು ಕರೆಂಟು ನುಗ್ಗಬೇಕೆಂದು ತೀರ್ಮಾನಿಸುವುದು ಈ ಎದುರು ವೋಲ್ಟೇಜೇ.

ಶಂಟ್ ಮೋಟಾರಿನಲ್ಲಿ ಫೀಲ್ಡ್ ಸುರುಳಿ ಸಣ್ಣ ತಂತಿಯದು, ಸುತ್ತುಗಳು ಸಾವಿರಗಟ್ಟಲೆ. ಅದನ್ನು ನೇರವಾಗಿ ಸಪ್ಲೈಗೇ ಕಟ್ಟಿರುತ್ತಾರೆ. ಹೊರೆ ಎಷ್ಟಾದರೂ ಕಾಂತಬಲ ಹೆಚ್ಚುಕಡಿಮೆ ಅಷ್ಟೇ. 220 ವೋಲ್ಟಿನ ಒಂದು ಮೋಟಾರು ತೆಗೆದುಕೊಳ್ಳಿ. ಆರ್ಮೇಚರಿನ ರೋಧ ಅರ್ಧ ಓಮ್. ಹೊರೆಯಿಲ್ಲದಾಗ 2 ಆಂಪಿಯರ್ ಎಳೆದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಆಗ ಎದುರು ವೋಲ್ಟೇಜು 219. ಪೂರ್ತಿ ಹೊರೆಗೆ 20 ಆಂಪಿಯರ್ ಎಳೆದಾಗ ಅದು 210ಕ್ಕೆ ಇಳಿಯುತ್ತದೆ, ವೇಗವೂ ಅದೇ ಪ್ರಮಾಣದಲ್ಲಿ ಇಳಿದು ಸುಮಾರು 1438ಕ್ಕೆ ನಿಲ್ಲುತ್ತದೆ. ಈ 62 ಸುತ್ತಿನ ಇಳಿತವನ್ನು ಪೂರ್ತಿ ಹೊರೆಯ ವೇಗದಿಂದ ಭಾಗಿಸಿದರೆ ಬರುವ ಶೇ. 4.3ಕ್ಕೆ ‘ಸ್ಪೀಡ್ ರೆಗ್ಯುಲೇಷನ್’ ಎಂದು ಹೆಸರು. ಲೇತಿನಲ್ಲಿ ಉಳಿ ಆಳಕ್ಕೆ ಇಳಿದರೂ ವೇಗ ಕುಸಿಯಬಾರದು, ಅಲ್ಲಿಗೆ ಇಂಥದ್ದೇ ಸರಿ.

ಇದೇ ಮೋಟಾರು ನಿಂತಿರುವಾಗ ಎದುರು ವೋಲ್ಟೇಜು ಸೊನ್ನೆ. ನೇರವಾಗಿ ಸ್ವಿಚ್ ಹಾಕಿದರೆ 440 ಆಂಪಿಯರ್ ನುಗ್ಗಿ ಬ್ರಷ್ಷು ಸುಟ್ಟುಹೋಗುತ್ತದೆ. ಅದಕ್ಕೇ ಸ್ಟಾರ್ಟರಿನಲ್ಲಿ ಸುಮಾರು 7 ಓಮ್ ರೋಧ ಸೇರಿಸಿ ಕರೆಂಟನ್ನು 30 ಆಂಪಿಯರಿನ ಆಸುಪಾಸಿಗೆ ಕಟ್ಟಿಹಾಕುತ್ತಾರೆ. ಒಂದೂವರೆ ಪಟ್ಟು ಕರೆಂಟು, ಒಂದೂವರೆ ಪಟ್ಟು ತಿರುಚುಬಲ. ಶಂಟ್ ಮೋಟಾರಿಗೆ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಸೀರೀಸ್ ಮೋಟಾರಿನಲ್ಲಿ ದಪ್ಪ ತಂತಿಯ ಕೆಲವೇ ಸುತ್ತಿನ ಫೀಲ್ಡು. ಆರ್ಮೇಚರಿನ ಕರೆಂಟೇ ಅದರಲ್ಲೂ ಹರಿಯುತ್ತದೆ. ಕರೆಂಟು ಏರಿದರೆ ಕಾಂತಬಲವೂ ಏರುತ್ತದೆ. ತಿರುಚುಬಲ ಎರಡರ ಗುಣಲಬ್ಧ, ಹಾಗಾಗಿ ಒಂದೂವರೆ ಪಟ್ಟು ಕರೆಂಟಿಗೆ ಎರಡೂಕಾಲು ಪಟ್ಟು ಬಲ. ಇದು ಕಾಗದದ ಲೆಕ್ಕ. ಒಂದು ಹಂತದ ಮೇಲೆ ಕಬ್ಬಿಣ ಕಾಂತಬಲವನ್ನು ಇನ್ನಷ್ಟು ಹೀರುವುದಿಲ್ಲವಾದ್ದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಸಿಗುತ್ತದೆ. ಆದರೂ ನಿಂತ ರೈಲನ್ನು ಕದಲಿಸುವ ಕೆಲಸಕ್ಕೆ ಇದೇ ಬೇಕು. 1925ರ ಫೆಬ್ರವರಿ 3ರಂದು ಬೊಂಬಾಯಿಯಿಂದ ಕುರ್ಲಾಕ್ಕೆ 1500 ವೋಲ್ಟ್ ಡಿಸಿಯಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಆಮೇಲೆ ಬಹುಕಾಲ ನಮ್ಮ ವಿದ್ಯುತ್ ಎಂಜಿನ್ನುಗಳ ಚಕ್ರ ತಿರುಗಿಸಿದ್ದು ಸೀರೀಸ್ ಮೋಟಾರುಗಳೇ.

ಇದರ ಇನ್ನೊಂದು ಮುಖ ಹೊರೆ ತಗ್ಗಿದಾಗ ಕಾಣುತ್ತದೆ. ಕರೆಂಟು ಕಾಲುಭಾಗಕ್ಕೆ ಇಳಿದರೆ ಕಾಂತಬಲವೂ ಕಾಲುಭಾಗ. ಅಷ್ಟರಲ್ಲೇ 220ರ ಹತ್ತಿರದ ಎದುರು ವೋಲ್ಟೇಜು ಹುಟ್ಟಬೇಕಾದರೆ ಆರ್ಮೇಚರು ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಸುತ್ತಬೇಕು. ಹೊರೆ ಪೂರ್ತಿ ಹೋದರೆ ವೇಗಕ್ಕೆ ಮಿತಿಯೇ ಇಲ್ಲ. ಸುರುಳಿಗಳು ಗಾಡಿಯಿಂದ ಎದ್ದು ಹೊರಗೆ ಚಿಮ್ಮುತ್ತವೆ. ಬೆಲ್ಟು ಕಳಚಿಕೊಳ್ಳಬಹುದಾದ ಜಾಗದಲ್ಲಿ ಸೀರೀಸ್ ಮೋಟಾರು ಇಡಬಾರದು ಎನ್ನುವುದು ಇದಕ್ಕೇ. ಶಂಟ್ ಮೋಟಾರೂ ಹೀಗೆ ಹುಚ್ಚೆದ್ದು ಓಡಬಲ್ಲದು, ಹೊರೆ ಹಗುರಾಗಿದ್ದು ಫೀಲ್ಡ್ ತಂತಿ ತುಂಡಾದರೆ.

ಕಾಂಪೌಂಡ್ ಮೋಟಾರಿಗೆ ಎರಡೂ ಸುರುಳಿ ಉಂಟು. ಶಂಟ್ ಫೀಲ್ಡ್ ಇರುವುದರಿಂದ ಹೊರೆಯಿಲ್ಲದಾಗಲೂ ವೇಗ ಹಿಡಿತದಲ್ಲಿರುತ್ತದೆ. ಸೀರೀಸ್ ಫೀಲ್ಡ್ ಇರುವುದರಿಂದ ಶುರುವಿನಲ್ಲಿ ಶಂಟಿಗಿಂತ ಹೆಚ್ಚು ಬಲ ಸಿಗುತ್ತದೆ. ಹೊರೆ ಬಿದ್ದಾಗ ವೇಗ ಶಂಟಿಗಿಂತ ಹೆಚ್ಚು ಇಳಿಯುವುದು ದೋಷವೆನಿಸಬಹುದು. ತಗಡು ಒತ್ತುವ ಪ್ರೆಸ್ಸಿನಲ್ಲಿ ಬೇಕಾದದ್ದೇ ಅದು. ಅಲ್ಲಿನ ಭಾರದ ಫ್ಲೈವೀಲು ತನ್ನ ಶಕ್ತಿ ಬಿಟ್ಟುಕೊಡುವುದು ವೇಗ ಇಳಿದಾಗ ಮಾತ್ರ. ಬಿಗಿ ವೇಗದ ಶಂಟ್ ಇಟ್ಟರೆ ಏಟಿನ ಹೊರೆಯೆಲ್ಲ ಮೋಟಾರಿನ ತಲೆಗೇ ಬರುತ್ತದೆ.

ಕಾಂಪೌಂಡಿನಲ್ಲಿ ಎಡವುವುದು ತಂತಿ ಜೋಡಿಸುವಾಗ. ಸೀರೀಸ್ ಸುರುಳಿಯ ತುದಿಗಳು ಅದಲುಬದಲಾದರೆ ಅದು ಶಂಟಿಗೆ ಎದುರಾಗಿ ನಿಂತು ಕಾಂತಬಲ ಕಡಿಮೆ ಮಾಡುತ್ತದೆ. ಹೊರೆಯಿಲ್ಲದೆ ಓಡಿಸಿದರೆ ತಪ್ಪು ಗೊತ್ತಾಗುವುದಿಲ್ಲ. ಬೆಲ್ಟನ್ನು ಒಂದಿಷ್ಟೇ ಬಿಗಿದು ಟ್ಯಾಕೋಮೀಟರ್ ನೋಡಬೇಕು: ಶಂಟ್ ಒಂದೇ ಇದ್ದಾಗಿನದಕ್ಕಿಂತ ವೇಗ ಹೆಚ್ಚು ಇಳಿದರೆ ಜೋಡಣೆ ಸರಿ. ಇಳಿಯುವ ಬದಲು ಏರತೊಡಗಿದರೆ ಸ್ವಿಚ್ ತೆಗೆದು, ಸೀರೀಸ್ ಸುರುಳಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ಕಟ್ಟಬೇಕು.