ಆ್ಯಪ್‌ನಲ್ಲಿ 2,10,000, ಕೈಗೆ ಸಿಗೋದು 85,000: ಮಾವನ ಚೆಕ್ ಯಾಕೆ ಬೌನ್ಸ್ ಆಯ್ತು?

ಇವತ್ತಿನ ಸಂಚಿಕೆ ನಮ್ಮ ಮಾವನ ಅಂಗಡಿಯದ್ದು. ಹಿರಿಯೂರಲ್ಲಿ ಅವರಿಗೆ ಪೈಪು, ಮೋಟಾರು, ಡ್ರಿಪ್ ಸಾಮಾನಿನ ಅಂಗಡಿ ಇದೆ. ಮಾರ್ಚ್ ತಿಂಗಳಲ್ಲಿ ಅವರು ಕೊಟ್ಟ ಒಂದು ಚೆಕ್ ಬೌನ್ಸ್ ಆಯ್ತು. ಮಾವನಿಗೆ ನಂಬೋಕೇ ಆಗ್ಲಿಲ್ಲ. ನನಗೆ ಫೋನ್ ಮಾಡಿ, "ಅಕೌಂಟಲ್ಲಿ ದುಡ್ಡು ಐತಲ್ಲೋ, ಬ್ಯಾಂಕಿನೋರೇ ತಪ್ಪು ಮಾಡವ್ರೆ" ಅಂದ್ರು. ತಪ್ಪು ಬ್ಯಾಂಕಿನದ್ದಲ್ಲ. ಬಿ.ಕಾಂ.ನಲ್ಲಿ ನಾನು ಐದು ಅಂಕಕ್ಕೆ ಬರೆದಿದ್ದ ಲೆಕ್ಕವೇ ಅಲ್ಲಿ ಕೂತಿತ್ತು.

ನಡೆದದ್ದು ಇಷ್ಟು. ಮಾರ್ಚ್ 24ರ ಸಂಜೆ ಮಾವನ ಬ್ಯಾಂಕ್ ಆ್ಯಪ್ 2,10,000 ರೂಪಾಯಿ ತೋರಿಸ್ತಿತ್ತು. ಆದ್ರೆ ಅದಕ್ಕೂ ಮುಂಚೆ ಅವರು ಎರಡು ಚೆಕ್ ಬರೆದು ಕೊಟ್ಟಿದ್ರು. ಚಿತ್ರದುರ್ಗದ ಹೋಲ್‌ಸೇಲ್ ವ್ಯಾಪಾರಿಗೆ 85,000, ಹೊಸದುರ್ಗದ ಲಾರಿ ಮಾಲೀಕರಿಗೆ 40,000. ಇಬ್ಬರೂ ಇನ್ನೂ ಚೆಕ್ಕನ್ನ ಬ್ಯಾಂಕಿಗೆ ಹಾಕಿರಲಿಲ್ಲ. ನೀವು ಯಾರಿಗೆ ಚೆಕ್ ಕೊಟ್ರಿ ಅನ್ನೋದು ಅದು ಬಂದು ಸೇರೋವರೆಗೂ ನಿಮ್ಮ ಬ್ಯಾಂಕಿಗೆ ಗೊತ್ತಾಗೋದೇ ಇಲ್ಲ. ಹಾಗಾಗಿ ಆ್ಯಪ್ ತೋರಿಸ್ತಿದ್ದ 2,10,000ದಲ್ಲಿ 1,25,000 ಆಗ್ಲೇ ಬೇರೆಯವರ ದುಡ್ಡು. ಮಾವನದ್ದು ಅಂತ ಉಳಿದಿದ್ದು ಬರೀ 85,000.

ಸರಿ, ಆ್ಯಪ್ ನೋಡಿ ಮೋಸ ಹೋದ್ರು. ಅಂಗಡಿಯ ಲೆಕ್ಕದ ಪುಸ್ತಕ ಆದ್ರೂ ಎಚ್ಚರಿಸಬೇಕಿತ್ತಲ್ವಾ? ಅಲ್ಲಿತ್ತು ಎರಡನೇ ತಪ್ಪು. ಹೊಳಲ್ಕೆರೆಯ ಒಬ್ಬ ಅಡಿಕೆ ಬೆಳೆಗಾರರು ಡ್ರಿಪ್ ಸಾಮಾನು ತಗೊಂಡು, ಏಪ್ರಿಲ್ 15ನೇ ತಾರೀಕು ಹಾಕಿದ 90,000ದ ಚೆಕ್ ಕೊಟ್ಟಿದ್ರು. ಹೀಗೆ ಮುಂದಿನ ತಾರೀಕು ಹಾಕಿದ ಚೆಕ್ಕಿಗೆ ಪೋಸ್ಟ್ ಡೇಟೆಡ್ ಚೆಕ್, ಚಿಕ್ಕದಾಗಿ ಪಿಡಿಸಿ ಅಂತಾರೆ. ಚೆಕ್ ಕೈಗೆ ಬಂದ ದಿನವೇ ಲೆಕ್ಕ ಬರೆಯೋ ಹುಡುಗ ಅದನ್ನ ಬ್ಯಾಂಕಿಗೆ ಬಂದ ದುಡ್ಡು ಅಂತ ಬರೆದುಬಿಟ್ಟಿದ್ದ. ಪುಸ್ತಕದಲ್ಲಿ 85,000 ಇರಬೇಕಾದ ಕಡೆ 1,75,000 ಆಯ್ತು.

ಈಗ ನೋಡಿ. ಆ್ಯಪ್ 2,10,000 ಅಂತಿದೆ, ಪುಸ್ತಕ 1,75,000 ಅಂತಿದೆ. ಎರಡೂ ಒಂದೂವರೆ ಲಕ್ಷಕ್ಕಿಂತ ಜಾಸ್ತಿನೇ. ಮಾವ ಧೈರ್ಯವಾಗಿ ಹೊಸ ಮಾಲಿಗೆ 1,50,000 ನೆಫ್ಟ್ ಮಾಡಿದ್ರು. ಅಕೌಂಟಲ್ಲಿ ಉಳಿದಿದ್ದು 60,000. ಎರಡು ದಿನ ಬಿಟ್ಟು ಚಿತ್ರದುರ್ಗದವರು 85,000ದ ಚೆಕ್ ಹಾಕಿದ್ರು. ವಾಪಸ್ ಬಂತು.

"ಹೊಳಲ್ಕೆರೆ ಚೆಕ್ ಗಲ್ಲಾದಲ್ಲೇ ಐತೆ, ಇವತ್ತೇ ಹಾಕ್ತೀನಿ" ಅಂದ್ರು ಮಾವ. ಹಾಕಿದ್ರೂ ಉಪಯೋಗ ಇಲ್ಲ. ತಾರೀಕು ಬರೋ ಮುಂಚೆ ಹಾಕಿದ್ರೆ, ಪಿಡಿಸಿ ಅನ್ನೋ ಕಾರಣ ಕೊಟ್ಟು ಬ್ಯಾಂಕ್ ವಾಪಸ್ ಕಳಿಸುತ್ತೆ. ಏಪ್ರಿಲ್ 15ರವರೆಗೆ ಅದು ದುಡ್ಡಲ್ಲ, ಕೊಡ್ತೀನಿ ಅನ್ನೋ ಮಾತು. ಅಲ್ಲಿಯವರೆಗೆ ಪುಸ್ತಕದಲ್ಲಿ ಆ ಬೆಳೆಗಾರರು ಬಾಕಿದಾರರಾಗೇ ಇರಬೇಕು. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವಾಗಲೂ ಅಷ್ಟೇ.

ಮೊದಲು ಚೆಕ್ ಪಾಸಾಗೋಕೆ ಒಂದೆರಡು ದಿನ ಹಿಡೀತಿತ್ತು, ಅಷ್ಟರಲ್ಲಿ ದುಡ್ಡು ಹೊಂದಿಸ್ತಿದ್ರು. 2025ರ ಅಕ್ಟೋಬರ್ 4ರಿಂದ ರಿಸರ್ವ್ ಬ್ಯಾಂಕ್ ಕ್ಲಿಯರಿಂಗ್ ಪದ್ಧತಿ ಬದಲಾಯಿಸಿದೆ. ಹಗಲು ನಿಗದಿತ ಸಮಯದೊಳಗೆ ಕ್ಲಿಯರಿಂಗ್‌ಗೆ ಹೋದ ಚೆಕ್ಕಿನ ಹಣೆಬರಹ ಅವತ್ತೇ ಸಂಜೆ 7ರೊಳಗೆ ತೀರ್ಮಾನ ಆಗುತ್ತೆ. ಆ ಒಂದೆರಡು ದಿನದ ಅವಕಾಶ ಈಗಿಲ್ಲ.

ಬೌನ್ಸ್ ಆದ ಮೇಲೆ ಕಾನೂನಿನ ಗಡಿಯಾರ ಶುರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ, ಚೆಕ್ ವಾಪಸಾದ ವಿಷಯ ಗೊತ್ತಾದ 30 ದಿನದೊಳಗೆ ವ್ಯಾಪಾರಿ ನೋಟಿಸ್ ಕೊಡಬಹುದು. ನೋಟಿಸ್ ಕೈಸೇರಿದ 15 ದಿನದಲ್ಲಿ ದುಡ್ಡು ಕಟ್ಟದಿದ್ರೆ ಕೇಸ್. ಮಾವ ಅಲ್ಲಿವರೆಗೆ ಬಿಡಲಿಲ್ಲ. ಆದ್ರೆ ಬರೀ 25,000 ಹಾಕಿದ್ರೆ ಸಾಲ್ತಿರಲಿಲ್ಲ, ಹೊಸದುರ್ಗದ 40,000 ಇನ್ನೂ ಬರೋದಿತ್ತಲ್ಲ. ಅತ್ತೆಯ ಬಳೆ ಅಡವಿಟ್ಟು 65,000 ತಂದು ಹಾಕಿದ್ರು. ವ್ಯಾಪಾರಿ ಅದೇ ಚೆಕ್ಕನ್ನ ಮತ್ತೆ ಹಾಕಿದ್ರು, ಪಾಸಾಯ್ತು. ಏಪ್ರಿಲ್ 15ರ ಚೆಕ್ಕೂ ಪಾಸಾಯ್ತು, ಬಳೆ ವಾಪಸ್ ಬಂತು. ಚಿತ್ರದುರ್ಗದವರು ಮಾತ್ರ ಈಗ ಮಾವನಿಗೆ ಸಾಲಕ್ಕೆ ಮಾಲು ಕೊಡಲ್ಲ.

ಈಗ ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇದೆ. ಎಡಗಡೆ ಪುಟದಲ್ಲಿ ಕೊಟ್ಟು ಇನ್ನೂ ಪಾಸಾಗದ ಚೆಕ್ಕುಗಳು, ಬಲಗಡೆ ಪುಟದಲ್ಲಿ ಬಂದಿರೋ ಪಿಡಿಸಿಗಳು, ಅವುಗಳ ತಾರೀಕಿನ ಸಮೇತ. ಆ್ಯಪ್ ಬ್ಯಾಲೆನ್ಸ್‌ನಿಂದ ಎಡಗಡೆ ಮೊತ್ತ ಕಳೀಬೇಕು, ಬಲಗಡೆಯದ್ದನ್ನ ಕೂಡಿಸಬಾರದು. ಉಳಿದಿದ್ದೇ ಖರ್ಚು ಮಾಡಬಹುದಾದ ದುಡ್ಡು.

ಇನ್ನೊಂದು ವಿಷಯ. ಚೆಕ್ಕಿನ ಮೇಲಿರೋ ತಾರೀಕಿನಿಂದ 3 ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತೆ. 2012ರ ಏಪ್ರಿಲ್‌ಗಿಂತ ಮುಂಚೆ 6 ತಿಂಗಳಿತ್ತು. ನೀವು ಕೊಟ್ಟ ಚೆಕ್ 3 ತಿಂಗಳಾದ್ರೂ ಬ್ಯಾಂಕಿಗೆ ಬರದಿದ್ರೆ ಎಡಗಡೆ ಪುಟದಿಂದ ಹೊಡೆದುಹಾಕಿ, ಆದ್ರೆ ಆ ವ್ಯಾಪಾರಿಯ ಹೆಸರಲ್ಲಿ ಬಾಕಿ ಅಂತ ಮತ್ತೆ ಬರ್ಕೊಳ್ಳಿ. ಸತ್ತಿರೋದು ಚೆಕ್ಕು, ಸಾಲ ಅಲ್ಲ.