ಮೈಸೂರಿನ ಉಯಿಲು, ಲಿಯೊನ್‌ನ ಆಸ್ತಿ

ಫ್ರಾನ್ಸಿನ ಲಿಯೊನ್‌ನಲ್ಲಿ ನೆಲೆಸಿದ್ದ ಕನ್ನಡಿಗರೊಬ್ಬರು ರಜೆಯಲ್ಲಿ ಊರಿಗೆ ಬಂದಾಗ ಮೈಸೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಉಯಿಲು ನೋಂದಾಯಿಸಿದರು ಎಂದುಕೊಳ್ಳೋಣ. ಹೆಂಡತಿ ಮೊದಲೇ ತೀರಿಕೊಂಡಿದ್ದಾರೆ, ಇರುವವರು ಒಬ್ಬ ಮಗ, ಒಬ್ಬಳು ಮಗಳು. ಆಸ್ತಿಯೆಲ್ಲ ಲಿಯೊನ್‌ನಲ್ಲೇ ಇದೆ: ಒಂದು ಫ್ಲ್ಯಾಟ್ ಮತ್ತು ಬ್ಯಾಂಕಿನಲ್ಲಿರುವ ಹಣ, ಸೇರಿ 3 ಲಕ್ಷ ಯೂರೋ. ಪತ್ರ ಬರಹಗಾರರು ವಾಡಿಕೆಯಂತೆ ಬರೆದುಕೊಟ್ಟರು: ‘ನನ್ನ ಮಗನೇ ಸಂಪೂರ್ಣ ವಾರಸುದಾರನಾಗಿ ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಹೋಗತಕ್ಕದ್ದು. ಮಗಳಿಗೆ ಮದುವೆ ಕಾಲದಲ್ಲಿ ಕೊಡಬೇಕಾದ್ದನ್ನು ಕೊಟ್ಟಿರುವುದರಿಂದ ಆಕೆಗೆ ಯಾವ ಹಕ್ಕೂ ಇರುವುದಿಲ್ಲ.’

ಅವರು ತೀರಿಕೊಂಡ ಮೇಲೆ ಈ ಕಾಗದ ಲಿಯೊನ್‌ನ ನೋಟೇರ್ ಮುಂದೆ ಬರುತ್ತದೆ. ನಮ್ಮ ನೋಟರಿಗಿಂತ ನೋಟೇರ್ ಕೆಲಸ ದೊಡ್ಡದು, ಆಸ್ತಿ ಹಂಚಿಕೆಯನ್ನು ನಡೆಸಿಕೊಡುವ ಕಾನೂನು ಅಧಿಕಾರಿ ಅವರು. ಉಯಿಲು ಭಾರತದಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಸರಿಯಾಗಿ ಆಗಿದ್ದರೆ ಅದರ ರೂಪಕ್ಕೆ ಫ್ರಾನ್ಸ್ ತಕರಾರು ಮಾಡುವುದಿಲ್ಲ. ಆದರೆ 2015ರ ಆಗಸ್ಟ್ 17ರಿಂದ ಜಾರಿಯಲ್ಲಿರುವ ಯುರೋಪಿನ ನಿಯಮದಂತೆ, ವ್ಯಕ್ತಿ ಕೊನೆಗೆ ನೆಲೆಸಿದ್ದ ದೇಶದ ಕಾನೂನೇ ಹಂಚಿಕೆಗೆ ಅನ್ವಯ. ತನ್ನ ಪೌರತ್ವದ ದೇಶದ ಕಾನೂನು ಬೇಕೆಂದು ಉಯಿಲಿನಲ್ಲಿ ಆರಿಸಿಕೊಂಡಿದ್ದರೆ ಮಾತು ಬೇರೆ. ಇವರ ಉಯಿಲಿನಲ್ಲಿ ಅಂಥ ಮಾತಿಲ್ಲ. ಹಾಗಾಗಿ ಕನ್ನಡದ ಒಂದೊಂದು ಪದವೂ ಫ್ರೆಂಚ್ ಕಾನೂನಿನೊಳಗೆ ಜಾಗ ಹುಡುಕಿಕೊಳ್ಳಬೇಕು.

ಮೊದಲ ತೊಡಕು ‘ವಾರಸುದಾರ’. ರಕ್ತಸಂಬಂಧದಿಂದ ಹಕ್ಕು ಬಂದವನೂ ನಮಗೆ ವಾರಸುದಾರನೇ, ಉಯಿಲಿನಿಂದ ಪಡೆದವನೂ ವಾರಸುದಾರನೇ. ಫ್ರೆಂಚಿನಲ್ಲಿ ಇವು ಎರಡು ಬೇರೆ ಸ್ಥಾನಗಳು. ಕಾನೂನೇ ಗುರುತಿಸುವವನು ‘ಎರಿತಿಯೆ’, ಉಯಿಲಿನಿಂದ ಪಡೆಯುವವನು ‘ಲೆಗಾತೇರ್’. ಮಗ ಎರಡೂ ಹೌದು. ಮಗಳನ್ನು ಮಾತ್ರ ‘ಎರಿತಿಯೆ’ ಸ್ಥಾನದಿಂದ ತಂದೆಯ ಉಯಿಲು ಇಳಿಸಲಾರದು, ಏಕೆಂದರೆ ಮಕ್ಕಳ ಪಾಲನ್ನು ಅಲ್ಲಿನ ಕಾನೂನು ಕಾಯ್ದಿರಿಸಿದೆ. ಒಂದೇ ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರನೇ ಎರಡು ಪಾಲು, ಮೂವರು ಅಥವಾ ಹೆಚ್ಚು ಮಕ್ಕಳಿದ್ದರೆ ಮುಕ್ಕಾಲು. ಮಿಕ್ಕದ್ದನ್ನಷ್ಟೇ ತಂದೆ ಇಷ್ಟಬಂದವರಿಗೆ ಬರೆಯಬಹುದು. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು ಎಂಬ ಹಿಂದೂ ಕಾನೂನಿನ ರೂಢಿಯಲ್ಲಿ ಬೆಳೆದವರಿಗೆ ಇದು ಅನಿರೀಕ್ಷಿತ.

‘ಪುತ್ರಪೌತ್ರ ಪಾರಂಪರ್ಯವಾಗಿ’ ಎಂಬುದು ಇನ್ನೂ ಸೂಕ್ಷ್ಮ. ಅಕ್ಷರಶಃ ಅನುವಾದಿಸಿದರೆ ಆಸ್ತಿಯನ್ನು ಮಗ ಮಾರದೆ ತನ್ನ ಮಗನಿಗೆ, ಅವನು ಅವನ ಮಗನಿಗೆ ದಾಟಿಸಬೇಕು ಎಂಬ ಅರ್ಥ ಬರುತ್ತದೆ. ಇಂಥ ಸರಪಳಿ ಕಟ್ಟಳೆಯನ್ನು ಫ್ರೆಂಚ್ ನಾಗರಿಕ ಸಂಹಿತೆ 1804ರಿಂದಲೇ ನಿಷೇಧಿಸಿತ್ತು. 2006ರ ಸುಧಾರಣೆಯ ನಂತರವೂ ಒಂದು ಹಂತಕ್ಕಷ್ಟೇ ಅವಕಾಶ. ಆದರೆ ಉಯಿಲು ಬರೆಸಿದವರ ಮನಸ್ಸಿನಲ್ಲಿ ಸರಪಳಿಯೇ ಇರಲಿಲ್ಲ. ನಮ್ಮ ಪತ್ರಗಳಲ್ಲಿ ಈ ಮಾತು ಮಾರುವ, ಅಡವಿಡುವ, ದಾನ ಕೊಡುವ ಪೂರ್ಣ ಒಡೆತನವನ್ನು ಸೂಚಿಸುತ್ತದೆ. ಬಂಗಾಳದ ಇಂಥದೇ ಒಕ್ಕಣೆ ಪ್ರಿವಿ ಕೌನ್ಸಿಲ್ ಮುಂದೆ ಬಂದಾಗ, 1881ರಲ್ಲೇ ಅದನ್ನು ಹೀಗೆ ಅರ್ಥೈಸಲಾಗಿತ್ತು. ಅನುವಾದಕರು ಮೂಲದ ಮಾತನ್ನು ಹಾಗೇ ಉಳಿಸಿ, ಭಾರತದಲ್ಲಿ ಅದರ ಕಾನೂನು ಅರ್ಥವೇನೆಂದು ಅಡಿಟಿಪ್ಪಣಿ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸದ್ದಿಲ್ಲದೆ ‘ಪೂರ್ಣ ಒಡೆತನ’ ಎಂದು ತಿದ್ದಿಬಿಟ್ಟರೆ ತೀರ್ಪು ಕೊಡುವ ಕೆಲಸವನ್ನು ಅವರೇ ಮಾಡಿದಂತೆ. ಅನುಮಾನ ಉಳಿದರೆ ನೋಟೇರ್ ಭಾರತೀಯ ವಕೀಲರಿಂದ ಕಾನೂನು ವಿವರಣೆಯ ಪ್ರಮಾಣಪತ್ರ ತರಿಸಿಕೊಳ್ಳುತ್ತಾರೆ.

ಹಣದ ಲೆಕ್ಕವನ್ನು ತಲೆಕೆಳಗು ಮಾಡುವುದು ಕೊನೆಯ ವಾಕ್ಯ. ‘ಕೊಡಬೇಕಾದ್ದನ್ನು ಕೊಟ್ಟಿದೆ’ ಎಂದರೆ ಏನು ಕೊಟ್ಟಿದೆ? ಸ್ಥಿತಿವಂತಿಕೆಗೆ ತಕ್ಕ ಒಡವೆ, ಮದುವೆಯ ಖರ್ಚು ಆಗಿದ್ದರೆ ಫ್ರೆಂಚ್ ಕಾನೂನು ಅದನ್ನು ರೂಢಿಯ ಉಡುಗೊರೆ ಎಂದು ಲೆಕ್ಕದಿಂದ ಕೈಬಿಡುತ್ತದೆ. ಆಗ 3 ಲಕ್ಷವೇ ಒಟ್ಟು ಆಸ್ತಿ. ಮಗಳ ಕಾಯ್ದ ಪಾಲು 1 ಲಕ್ಷ, ಅಷ್ಟನ್ನೂ ಆಕೆ ಕೇಳಬಹುದು. ಆದರೆ ಮನೆ ಕೊಳ್ಳಲಿ ಎಂದು ತಂದೆ ಆಗ 60 ಸಾವಿರ ಯೂರೋ ನಗದು ಕೊಟ್ಟಿದ್ದರು ಎನ್ನಿ. ಅದು ಪಾಲಿನ ಮುಂಗಡ ಎನಿಸಿಕೊಳ್ಳುತ್ತದೆ. ಲೆಕ್ಕಕ್ಕಾಗಿ ಅದನ್ನು ಆಸ್ತಿಗೆ ಸೇರಿಸಿದರೆ ಒಟ್ಟು 3 ಲಕ್ಷ 60 ಸಾವಿರ, ಮಗಳ ಕಾಯ್ದ ಪಾಲು 1 ಲಕ್ಷ 20 ಸಾವಿರ. (ಆ ಹಣ ಮನೆಯಾಗಿದ್ದರೆ ಮನೆಯ ಬೆಲೆಯನ್ನು ಹಿಡಿಯಬೇಕಾಗುತ್ತದೆ, ಇಲ್ಲಿ ಹಾಗೇ ನಗದಾಗಿ ಉಳಿದಿದೆ ಎಂದುಕೊಂಡಿದ್ದೇನೆ.) 60 ಸಾವಿರ ಈಗಾಗಲೇ ಕೈಸೇರಿರುವುದರಿಂದ ಇನ್ನು ಸಿಗಬೇಕಾದದ್ದು 60 ಸಾವಿರ. ಎರಡು ಅರ್ಥಗಳ ನಡುವೆ 40 ಸಾವಿರ ಯೂರೋ ಅಂತರವಿದೆ. ಅನುವಾದಕರು ಇಲ್ಲಿ ‘ವರದಕ್ಷಿಣೆ’ ಎಂದೋ ‘ಮದುವೆ ಉಡುಗೊರೆ’ ಎಂದೋ ಬರೆದರೆ ಮೂಲದಲ್ಲಿಲ್ಲದ ತೀರ್ಮಾನವೊಂದು ಕಡತ ಸೇರಿಬಿಡುತ್ತದೆ. ಮೂಲದ ಅಸ್ಪಷ್ಟತೆ ಅನುವಾದದಲ್ಲೂ ಅಸ್ಪಷ್ಟವಾಗಿಯೇ ಇರಬೇಕು. ಏನು ಕೊಟ್ಟದ್ದು ಎಂಬುದಕ್ಕೆ ಬ್ಯಾಂಕ್ ದಾಖಲೆ ಉತ್ತರ ಹೇಳಲಿ.

ಹೊರದೇಶದಲ್ಲಿ ನೆಲೆಸಿದವರು ಊರಿನಲ್ಲಿ ಉಯಿಲು ಬರೆಸುವಾಗ ಇದನ್ನು ಮೊದಲೇ ತಪ್ಪಿಸಬಹುದು: ಯಾರಿಗೆ, ಯಾವ ದಿನ, ಎಷ್ಟು, ಯಾತಕ್ಕಾಗಿ ಕೊಟ್ಟಿದ್ದು ಎಂದು ನಮೂದಿಸಬೇಕು. ಇನ್ನು ಮಗಳ ಪಾಲು ತಾನಾಗಿ ಕೈಗೆ ಬರುವುದಿಲ್ಲ, ಆಕೆಯೇ ಕೇಳಬೇಕು. ತಂದೆ ತೀರಿಕೊಂಡ ದಿನದಿಂದ ಸಾಮಾನ್ಯವಾಗಿ 5 ವರ್ಷದೊಳಗೆ ಕೇಳದಿದ್ದರೆ ಉಯಿಲಿನಲ್ಲಿ ಬರೆದದ್ದೇ ನಿಲ್ಲುತ್ತದೆ.