ಕಾಣೆಯಾದ ‘ಡೂ’, ಕಿವಿಗೆ ಬೀಳದ ‘ಆರ್’

ಶಹಾಪುರದ ಬಜಾರಿನ ಅಂಗಡಿ ಮುಂದೆ ನಿಂತರೆ ‘ಏನ್ ಬೇಕ್ರಿ?’ ಅಂತಾರೆ. ದಖನಿ ಉರ್ದು ಮಾತಾಡುವ ಗಿರಾಕಿಗೆ ಅದೇ ಪ್ರಶ್ನೆ ‘ಕ್ಯಾ ಹೋನಾ?’ ಆಗುತ್ತದೆ. ಯಾದಗಿರಿ ದಾಟಿ ತೆಲಂಗಾಣದ ಗಡಿಯತ್ತ ಹೋದರೆ ‘ಏಂ ಕಾವಾಲಿ?’. ಭಾಷೆ ಮೂರು, ಪ್ರಶ್ನೆಗೆ ಮಾತ್ರ ಎರಡೇ ಪದ. ಈ ಭಾಗದ ಹುಡುಗ ಇಂಗ್ಲಿಷಿನಲ್ಲಿ ‘ವಾಟ್ ಯೂ ವಾಂಟ್?’ ಅಂದರೆ ಅಚ್ಚರಿಯೇನಿಲ್ಲ. ಪರೀಕ್ಷೆಯಲ್ಲಿ ಮಾರ್ಕು ಹೋಗುತ್ತದೆ, ಅದು ಬೇರೆ ಮಾತು.

ನಮ್ಮ ‘ಬೇಕು’ ಯಾರ ಆಸರೆಯನ್ನೂ ಬೇಡುವುದಿಲ್ಲ. ನನಗೆ, ನಿನಗೆ, ಅವರಿಗೆ, ಯಾರಿಗಾದರೂ ಅದೇ ರೂಪ. ಪ್ರಶ್ನೆ ಕೇಳಲು ‘ಏನು’ ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಡೂ’ ಎಂಬ ಸಹಾಯಕ ಕ್ರಿಯಾಪದ ನಡುವೆ ಬರಬೇಕು. ಈ ಜಾಗದಲ್ಲಿ ಅದಕ್ಕೆ ಸ್ವಂತ ಅರ್ಥವಿಲ್ಲ. ವಾಕ್ಯವನ್ನು ಪ್ರಶ್ನೆಯಾಗಿಸುವುದು, ಕಾಲವನ್ನು ಹೊರುವುದು, ಇಷ್ಟೇ ಅದರ ಕೆಲಸ. (ಶೇಕ್ಸ್‌ಪಿಯರ್ ಕಾಲದಲ್ಲಿ ಇಂಗ್ಲಿಷರೂ ಒಮ್ಮೊಮ್ಮೆ ‘ಡೂ’ ಇಲ್ಲದೆಯೇ ಪ್ರಶ್ನೆ ಕೇಳುತ್ತಿದ್ದರು.)

ಹುಡುಗನಿಗೆ ಎಷ್ಟು ಗೊತ್ತಿದೆ ಎಂದು ತಿಳಿಯಬೇಕಾದರೆ ನಿನ್ನೆಯ ಮಾತು ಕೇಳಿಸಿ. ‘ವಾಟ್ ಯೂ ವಾಂಟೆಡ್?’ ಅಂದನೋ, ಅವನಿಗೆ ಕಾಲದ ಪರಿಚಯವಿದೆ. ‘ಡಿಡ್’ ಹೊರಬೇಕಾದ ಭಾರವನ್ನು ‘ವಾಂಟ್’ ತಲೆಗೆ ಹಾಕಿದ್ದಾನೆ, ಅಷ್ಟೇ. ‘ವಾಟ್ ಹೀ ವಾಂಟ್ಸ್?’ ಎನ್ನುವುದೂ ಅದೇ ಜಾತಿಯದು. ನಿನ್ನೆಯದಕ್ಕೂ ಬರೀ ‘ವಾಂಟ್’ ಅಂದರೆ ಮಾತ್ರ ಪಾಠವನ್ನು ಭೂತಕಾಲದಿಂದಲೇ ಶುರು ಮಾಡಬೇಕು. ಇಬ್ಬರಿಗೂ ಒಂದೇ ಕೆಂಪು ಗೆರೆ ಎಳೆದರೆ ಏನೂ ಉಪಯೋಗವಿಲ್ಲ.

‘ವೇರ್ ಯೂ ನೌ?’ ಕಥೆ ಬೇರೆ. ಅದಕ್ಕೆ ಕನ್ನಡವನ್ನಷ್ಟೇ ದೂರುವಂತಿಲ್ಲ. ಸುರಪುರದ ತಾಯಿ ಫೋನಿನಲ್ಲಿ ‘ಈಗ ಎಲ್ಲಿದ್ದಿ?’ ಅಂದಾಗ ‘ಇರು’ ಎಂಬ ಕ್ರಿಯಾಪದ ಅದರೊಳಗೇ ಇದೆ, ‘ಎಲ್ಲಿ’ಗೆ ಅಂಟಿಕೊಂಡು ಕೊನೆಯಲ್ಲಿ ಕೂತಿದೆ. ಈ ಕ್ರಮವನ್ನು ಹಿಡಿದವನ ಬಾಯಲ್ಲಿ ‘ವೇರ್ ಯೂ ಆರ್?’ ಬರುತ್ತದೆ, ‘ಆರ್’ ಬಿದ್ದುಹೋಗಿಲ್ಲ, ಜಾಗ ತಪ್ಪಿದೆ. ಪೂರ್ತಿ ಬಿದ್ದುಹೋಗುವುದಕ್ಕೆ ‘ನಿನ್ನ ಹೆಸರೇನು?’ ತರಹದ ಕ್ರಿಯಾಪದವಿಲ್ಲದ ಪ್ರಶ್ನೆಗಳ ರೂಢಿ ಒಂದು ಕಾರಣ, ಕಿವಿ ಇನ್ನೊಂದು. ಬೇಗ ಹೇಳಿದಾಗ ‘ವೇರ್’ ಕೊನೆಯ ‘ರ್’ನಲ್ಲೇ ‘ಆರ್’ ಕರಗಿಹೋಗುತ್ತದೆ. ಕೇಳಿಸದ್ದನ್ನು ಹುಡುಗ ಆಡುವುದಾದರೂ ಹೇಗೆ? ಅವನೆದುರು ‘ವೇರ್... ಆರ್... ಯೂ’ ಎಂದು ಬಿಡಿಸಿ ಹೇಳಬೇಕು. ‘ವೇರ್ ಈಸ್ ಹೀ?’ ಜೊತೆಗಿಟ್ಟರೆ ಇನ್ನೂ ಸುಲಭ, ‘ಈಸ್’ ಅಷ್ಟು ಸುಲಭವಾಗಿ ಅಡಗುವುದಿಲ್ಲ.

ತಿದ್ದುವ ಭರದಲ್ಲಿ ಹೊಸ ಎಡವಟ್ಟೂ ಹುಟ್ಟುತ್ತದೆ. ‘ಆರ್’ ಮುಂದೆ ತರಬೇಕೆಂದು ಉರು ಹೊಡೆದವರು ‘ಟೆಲ್ ಮೀ ವೇರ್ ಆರ್ ಯೂ’ ಎನ್ನತೊಡಗುತ್ತಾರೆ. ಅಲ್ಲಿ ಪ್ರಶ್ನೆ ವಾಕ್ಯದೊಳಗೆ ಸೇರಿಹೋಗಿದೆ. ಹಿಂದೆ ತಪ್ಪೆನಿಸಿಕೊಂಡ ‘ವೇರ್ ಯೂ ಆರ್’ ಅನ್ನೇ ಈಗ ಸರಿ ಎನ್ನಬೇಕು. ಹಾಗಾಗಿ ನೇರ ಪ್ರಶ್ನೆ ಬಾಯಿಗೆ ಪೂರಾ ಹತ್ತುವ ತನಕ ‘ಟೆಲ್ ಮೀ’ ಪಾಠವನ್ನು ಮುಟ್ಟದಿರುವುದೇ ವಾಸಿ.